ಸಹಾಯ ಬೇಕು: ಎದುರು ಸಾಕ್ಷ್ಯವಾಗುವ ಸಾಲನ್ನು ಉತ್ತರದಲ್ಲಿ ಎಲ್ಲಿ ಇಡಬೇಕು?

ಎಲ್ಲರಿಗೂ ನಮಸ್ಕಾರ. ಸಾಹಿತ್ಯದ ಪರೀಕ್ಷೆಗಾಗಿ ಹಳೆಯ ಪ್ರಶ್ನೆಗಳನ್ನು ಬರೆದು ಅಭ್ಯಾಸ ಮಾಡುತ್ತಿದ್ದೇನೆ. ಈಗ ಸಿಕ್ಕಿಕೊಂಡಿರುವುದು ಶೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ನಾಟಕದ ಮೇಲಿನ ‘ಮ್ಯಾಕ್‌ಬೆತ್‌ನ ಪತನಕ್ಕೆ ಅವನ ಹೆಂಡತಿಯೇ ಕಾರಣವೇ?’ ಎಂಬ ಪ್ರಶ್ನೆಯಲ್ಲಿ.

ಅವನ ಮಹತ್ವಾಕಾಂಕ್ಷೆಯೇ ಕಾರಣ ಎಂಬುದು ನನ್ನ ನಿಲುವು. ಮೊದಲ ಅಂಕದ ಏಳನೆಯ ದೃಶ್ಯದ ಸ್ವಗತದಲ್ಲಿ ಅವನು, ತನ್ನ ಉದ್ದೇಶವನ್ನು ತಿವಿದು ಓಡಿಸಲು ಮಿತಿಮೀರಿ ಜಿಗಿಯುವ ಮಹತ್ವಾಕಾಂಕ್ಷೆಯೊಂದನ್ನು ಬಿಟ್ಟು ಬೇರೆ ಮುಳ್ಳಿಲ್ಲ ಎನ್ನುತ್ತಾನೆ. ಅದನ್ನೇ ಆಧಾರವಾಗಿ ಕೊಟ್ಟೆ. ಮೊದಲ ಸಲ ಐದು ಸಾಲು ಉದ್ಧರಿಸಿ, ಕೆಳಗೆ ಅದರ ಭಾವಾರ್ಥವನ್ನಷ್ಟೇ ಬರೆದಿದ್ದೆ. ಎರಡನೆಯ ಸಲ ಆ ಒಂದೇ ನುಡಿಯನ್ನು ನನ್ನ ವಾಕ್ಯದೊಳಗೆ ಸೇರಿಸಿ, ಕುದುರೆ ಸವಾರನ ಹೋಲಿಕೆಯಲ್ಲಿ ಜಿಗಿತದ ಜೊತೆಗೆ ಆಚೆ ಬದಿಗೆ ಬೀಳುವ ಸೂಚನೆಯೂ ಇದೆ ಎಂದು ವಿವರಿಸಿದೆ. ಇದು ವಾದದಂತೆ ಓದಿಸಿಕೊಂಡಿತು.

ಆದರೆ ಅದೇ ದೃಶ್ಯದಲ್ಲಿ, ಹೆಂಡತಿ ಬಂದೊಡನೆ ಅವನು ‘ಈ ವಿಚಾರದಲ್ಲಿ ನಾವಿನ್ನು ಮುಂದುವರಿಯುವುದು ಬೇಡ’ ಎಂಬರ್ಥದ ಮಾತಾಡುತ್ತಾನೆ. ಅವಳು ಹಂಗಿಸಿದ ಮೇಲೆ, ದೃಶ್ಯ ಮುಗಿಯುವಷ್ಟರಲ್ಲಿ ರಾಜನ ಕೊಲೆಗೆ ಸಿದ್ಧನಾಗುತ್ತಾನೆ. ಈ ಸಾಲನ್ನು ಬಿಟ್ಟರೆ ಉತ್ತರ ಪ್ರಾಮಾಣಿಕವಲ್ಲ ಎನಿಸುತ್ತದೆ, ಸೇರಿಸಿದರೆ ನನ್ನ ನಿಲುವೇ ಸಡಿಲವಾಗುತ್ತದೆ.

ಇಂಥ ಸಾಲನ್ನು ಮೊದಲೇ ಒಪ್ಪಿಕೊಂಡು ನಂತರ ನನ್ನ ವಾದವನ್ನು ಕಟ್ಟಬೇಕೇ, ಅಥವಾ ವಾದ ಮುಗಿದ ಮೇಲೆ ತಂದು ಉತ್ತರಿಸಬೇಕೇ? ಉತ್ತರ ಪತ್ರಿಕೆ ತಿದ್ದಿ ಅನುಭವವಿರುವವರು ಕಾರಣಸಹಿತ ತಿಳಿಸುವಿರಾ?