ಭಾವನ ಮೆಸೇಜು, ಅಕ್ಕನ ಹೈದರಾಬಾದ್ ಕೆಲಸ

ಅಕ್ಕ: ಇವರ ಮೆಸೇಜಿನ ಸ್ಕ್ರೀನ್‌ಶಾಟ್ ಹಾಕಿದ್ದೇನೆ, ನೋಡಿ. "ಒಳ್ಳೆ ಆಫರ್, ಬಿಡಬೇಡ. ಆದರೆ ಜನವರಿಯಲ್ಲಿ ಕಾಫಿ ಕೊಯ್ಲಿನ ಮಧ್ಯೆ ಹೇಗೆ ಹೋಗುತ್ತೀಯ? ಮಾರ್ಚ್ ಕೇಳು." ಶುಕ್ರವಾರದೊಳಗೆ ನಾನು ಕಂಪನಿಗೆ ಉತ್ತರ ಕೊಡಬೇಕು.

ತಮ್ಮ: ಭಾವ ಹೇಳಿದ್ದು ಸರಿಯಾಗಿಯೇ ಇದೆ. ಅರೇಬಿಕಾ ಮುಗಿಯುವ ಹೊತ್ತಿಗೆ ರೋಬಸ್ಟಾ ಹಣ್ಣಾಗುತ್ತದೆ. ಮೂಡಿಗೆರೆ ಕಡೆ ಆಗ ಆಳು ಸಿಗುವುದೇ ಕಷ್ಟ. ವಾರದ ಬಟವಾಡೆ ನೀನೇ ಮಾಡುವುದು ಅಲ್ವಾ?

ತಂಗಿ: ಬಟವಾಡೆ ಮಾಡಲು ತೋಟದ ಲೆಕ್ಕ ಬರೆಯುವ ರೈಟರ್ ಇದ್ದಾರಲ್ಲ!

ಅಕ್ಕ: ಕಂಪನಿಯವರು ಮಾರ್ಚ್‌ಗೆ ಒಪ್ಪಿದರು. ಅದನ್ನು ಹೇಳಿದ್ದಕ್ಕೆ ಬಂದ ಉತ್ತರ: "ಮಾರ್ಚ್‌ನಲ್ಲಿ ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಓಡಿಸಬೇಕು. ಅಮ್ಮ ಬೇರೆ ಒಬ್ಬರೇ ಆಗುತ್ತಾರೆ."

ತಂಗಿ: ನೋಡಿ, ಒಂದು ಅಡ್ಡಿ ತೆಗೆದರೆ ಇನ್ನೊಂದು. ತೋಟದಲ್ಲಿ ಕೆಲಸ ಇಲ್ಲದ ತಿಂಗಳು ಯಾವುದು? ಮಳೆಗೆ ಮುಂಚೆ ಬೋರ್ಡೋ ಔಷಧಿ ಹೊಡೆಸಬೇಕು, ಮಳೆಗಾಲ ಮುಗಿದರೆ ಮತ್ತೆ ಕೊಯ್ಲು. ಅಕ್ಕ ಹೋಗುವುದು ಯಾವಾಗ?

ತಮ್ಮ: ಹೂಮಳೆ ನೆಪವಲ್ಲ. ಅದು ಕೈಕೊಟ್ಟು ನೀರೂ ಕೊಡದಿದ್ದರೆ ಹೂ ಅರಳದೆ ರೋಬಸ್ಟಾ ಫಸಲೇ ಹೋಗುತ್ತದೆ. ಅದೂ ಅಲ್ಲದೆ ಗಂಡ ಹೆಂಡತಿ ಮಾತನ್ನು ಗುಂಪಿನಲ್ಲಿ ಹಾಕಿದ್ದು ನನಗೆ ಹಿಡಿಸಲಿಲ್ಲ.

ಚಿಕ್ಕಮ್ಮ: ನೀರಿನ ಕಷ್ಟ ನಿಜ ಕಣೋ. ಆದರೆ ಸ್ಪ್ರಿಂಕ್ಲರ್ ಪೈಪು ಎಳೆಯುವುದು ಇವಳಲ್ಲವಲ್ಲ. ನನಗೆ ಬೇಕಾಗಿರುವುದು ಬೇರೆ ವಿಷಯ. ಎಲ್ಲಿ ಉಳಿಯುತ್ತೀಯ, ಯಾವಾಗ ಬರುತ್ತೀಯ, ನಾನು ಯಾವಾಗ ಬರಲಿ ಅಂತ ಏನಾದರೂ ಕೇಳಿದರಾ? ಕಳಿಸುವ ಮನಸ್ಸಿದ್ದವರು ಕಷ್ಟ ಹೇಳುವಾಗ ಅದರಲ್ಲಿ ಅರ್ಧ ತಾವೇ ಹೊತ್ತುಕೊಳ್ಳುತ್ತಾರೆ.

ಅಕ್ಕ: ಅದೊಂದೂ ಕೇಳಲಿಲ್ಲ. ಟೀಮಿನಲ್ಲಿ ಯಾರ್ಯಾರಿದ್ದಾರೆ ಅಂದರು. ಸಂಬಳ ಎಷ್ಟು ಅಂತ ಊರಲ್ಲಿ ಯಾರಿಗಾದರೂ ಹೇಳಿದೆಯಾ ಅಂದರು. ಆದರೆ ಚಿಕ್ಕಮಗಳೂರಿನ ಮದುವೆಯಲ್ಲಿ ಎಲ್ಲರ ಮುಂದೆ ನನ್ನ ಕೆಲಸದ ಸುದ್ದಿ ಹೇಳಿದ್ದೂ ಅವರೇ, ತುಂಬಾ ಖುಷಿಯಿಂದ. ಮನೆಗೆ ಬಂದ ಮೇಲೆ ಮಾತೇ ಇಲ್ಲ.

ಚಿಕ್ಕಮ್ಮ: ಖುಷಿ ಸುಳ್ಳಲ್ಲ ಕಣೇ. ಜೊತೆಗೆ ಭಯವೂ ಇದೆ. ಅದನ್ನು ಬಾಯಿಬಿಟ್ಟು ಹೇಳಲಾಗದೆ ತೋಟವನ್ನು ಮುಂದೆ ಮಾಡುತ್ತಿದ್ದಾರೆ. ನೀನು ಒಂದು ಕೆಲಸ ಮಾಡು. ಬಟವಾಡೆ ರೈಟರ್‌ಗೆ, ನಿಮ್ಮತ್ತೆಗೆ ಹಗಲು ಒಬ್ಬರು ಜೊತೆ, ಕೊಯ್ಲಿನಲ್ಲಿ ನೀನು ರಜೆ ಹಾಕಿ ಬರುವ ದಿನಗಳು, ಇಷ್ಟನ್ನೂ ಬರೆದು ಮುಂದಿಡು. ಆಮೇಲೆ ಅವರು ಅದರಲ್ಲಿ ತಿದ್ದುಪಡಿ ಹೇಳಿದರೆ ತೋಟದ ಚಿಂತೆ ಅಂತ ತಿಳಿ. ಅದನ್ನು ನೋಡದೆ ಹೊಸ ಅಡ್ಡಿ ತಂದರೆ ತೋಟದ ಮಾತು ಅಲ್ಲಿಗೇ ನಿಲ್ಲಿಸು. ನಾನು ಹೋದರೆ ನಿಮಗೆ ಯಾವುದರ ಹೆದರಿಕೆ ಅಂತ ನೇರವಾಗಿ ಕೇಳು.

ತಮ್ಮ: ಹಾಗೆ ಕೇಳಿದರೆ ಯಾವ ಗಂಡಸು ಹೇಳುತ್ತಾನೆ ಚಿಕ್ಕಮ್ಮ? ಭಾನುವಾರ ನಾನೇ ಹೋಗಿ ಮಾತಾಡುತ್ತೇನೆ.

ಅಕ್ಕ: ಅಷ್ಟರಲ್ಲಿ ಶುಕ್ರವಾರ ಮುಗಿದಿರುತ್ತದೆ. ನೀವಿಬ್ಬರೂ ಸೇರಿದರೆ ಮತ್ತೆ ಸ್ಪ್ರಿಂಕ್ಲರ್ ಮಾತೇ ಆಗುವುದು. ಇವತ್ತು ರಾತ್ರಿ ನಾನೇ ಕೂರಿಸಿಕೊಂಡು ಕೇಳುತ್ತೇನೆ.

ತಂಗಿ: ಹೋಗಲಾ ಅಂತ ಕೇಳಬೇಡ ಅಕ್ಕ. ಹೋಗುತ್ತೇನೆ ಅಂತ ಹೇಳು, ಆಮೇಲೆ ಉಳಿದದ್ದು ಕೇಳು.

ತಮ್ಮ: ತೀರ್ಮಾನ ಮಾಡಿ ಆಮೇಲೆ ಕೇಳುವುದು ನನಗಂತೂ ಸರಿ ಕಾಣುವುದಿಲ್ಲ. ಮೊದಲು ಆ ಸ್ಕ್ರೀನ್‌ಶಾಟ್ ಇಲ್ಲಿಂದ ತೆಗೆ.