ಅಪ್‌ಡೇಟ್: ಬಿಗಿ ಮಾಡಿಸಿದ ವಾರಕ್ಕೇ ಮತ್ತೆ ಸದ್ದು ಮಾಡುತ್ತಿದ್ದ ಚೈನ್

ನಾನು ಕೇಳಿದ್ದು: "ದಾವಣಗೆರೆ–ಚಿತ್ರದುರ್ಗ ದಿನಾ ಓಡಾಡೋ ಬೈಕು. ಚೈನ್ ಟೈಟ್ ಮಾಡಿಸಿ ವಾರ ಆಗಿಲ್ಲ, ಮತ್ತೆ ಕಟಕಟ ಅಂತಿದೆ. ಎಣ್ಣೆ ಹಾಕಿದ್ರೆ ಸಾಕಾ, ಸೆಟ್ ಬದಲಿಸಬೇಕಾ?"

ಸೆಟ್ಟೇ ಬದಲಿಸಿದೆ. ಇಲ್ಲಿ ಒಬ್ಬರು ಹೇಳಿದಂತೆ ಎಂಜಿನ್ ಆರಿಸಿ, ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸುತ್ತಾ ಹಲವು ಕಡೆ ಚೈನಿನ ಆಟ ಅಳೆದೆ. ಒಂದು ಕಡೆ 20 ಮಿ.ಮೀ., ಇನ್ನೊಂದು ಕಡೆ 45! ನನ್ನ ಬೈಕಿನ ಪುಸ್ತಕದಲ್ಲಿರುವುದು 25ರಿಂದ 35. ಗ್ಯಾರೇಜಿನಲ್ಲಿ ಒಂದೇ ಕಡೆ ಮುಟ್ಟಿ ನೋಡಿ ಬಿಗಿ ಮಾಡಿದ್ದರು.

ಹೊಂದಿಸಬೇಕಾದದ್ದು ಅತಿ ಬಿಗಿಯಾದ ಜಾಗದಲ್ಲಿ. ಇಲ್ಲದಿದ್ದರೆ ಆ ಜಾಗ ಬಂದಾಗಲೆಲ್ಲ ಚೈನ್ ಗೇರ್‌ಬಾಕ್ಸಿನ ಬೇರಿಂಗನ್ನು ಎಳೆಯುತ್ತದೆ. ಆಕ್ಸಲ್ ನಟ್ ಸಡಿಲಿಸಿ, ಎರಡೂ ಬದಿಯ ಗುರುತು ಸಮ ಇಟ್ಟು, ಅಲ್ಲಿ 25ಕ್ಕೆ ತಂದೆ. ಆಗ ಸಡಿಲ ಜಾಗ 50ಕ್ಕೆ ಹೋಯಿತು. ಅಂದರೆ ಕೊಂಡಿಗಳು ಒಂದೇ ಸಮ ಸವೆದಿಲ್ಲ; ಇದಕ್ಕೆ ಎಣ್ಣೆಯೂ ಮದ್ದಲ್ಲ, ಅಡ್ಜಸ್ಟ್‌ಮೆಂಟೂ ಅಲ್ಲ. ಹಿಂದಿನ ಸ್ಪ್ರಾಕೆಟ್ಟಿನ ಹಲ್ಲುಗಳೂ ಕೊಕ್ಕೆಯಂತೆ ಒಂದೇ ಕಡೆ ಬಾಗಿದ್ದವು.

ಚೈನ್ ಮಾತ್ರ ಹಾಕಿಸಿ ದುಡ್ಡು ಉಳಿಸೋಣ ಅನ್ನಿಸಿತ್ತು. ಆದರೆ ಸವೆದ ಹಲ್ಲು ಹೊಸ ಚೈನನ್ನೂ ಬೇಗ ತಿನ್ನುತ್ತದೆ, ಹಾಗಾಗಿ ಮುಂದಿನದು, ಹಿಂದಿನದು, ಚೈನ್ ಮೂರೂ ಹೊಸದು.

ಈಗ ಸುಮಾರು 500 ಕಿ.ಮೀ.ಗೊಮ್ಮೆ, ಓಡಿಸಿ ಬಂದು ಚೈನ್ ಬೆಚ್ಚಗಿರುವಾಗಲೇ, ಕೆಳಗಿನ ಸಾಲಿನ ಒಳಮೈಗೆ 90ರ ಗೇರ್ ಆಯಿಲ್ ಬಿಡುತ್ತೇನೆ, ಎಂಜಿನ್ ಆರಿಸಿ, ಚಕ್ರ ಕೈಯಲ್ಲೇ ತಿರುಗಿಸುತ್ತಾ. ಹೆಚ್ಚಾದದ್ದನ್ನು ಒರೆಸಲೇಬೇಕು, ನಮ್ಮ ಕಡೆಯ ಧೂಳು ಅಂಟಿಕೊಳ್ಳುತ್ತದೆ. 300 ಕಿ.ಮೀ. ಆದ ಮೇಲೆ ಮತ್ತೆ ಅಳೆದೆ: ಎಲ್ಲ ಕಡೆ 28ರಿಂದ 30.