ಮೂರು ವರ್ಷದ ಫೋನು, ಬ್ಯಾಟರಿ 80%: ಉಳಿದ 20% ಎಲ್ಲಿ ಹೋಯಿತು?

ಸವಿತಾ: ನನ್ನ ಫೋನಿನದು 5000 ಎಂಎಎಚ್ ಬ್ಯಾಟರಿ. ತಗೊಂಡು ಮೂರು ವರ್ಷ ಆಯ್ತು. ಈಗ ಬ್ಯಾಟರಿ ಹೆಲ್ತ್ 80% ಅಂತ ತೋರಿಸುತ್ತಿದೆ. ಒಳಗೆ ತುಂಬಿಟ್ಟ ಕರೆಂಟು ಸೋರಿ ಹೋಗುತ್ತಾ? ಗೊತ್ತಿರುವವರು ಹೇಳಿ.

ಮಂಜುನಾಥ: ಮೇಡಂ, ಪೂರ್ತಿ ಸೊನ್ನೆಗೆ ಇಳಿಸಿ, ಆಮೇಲೆ ನೂರಕ್ಕೆ ಏರಿಸಿ. ಅರ್ಧಂಬರ್ಧ ಚಾರ್ಜ್ ಮಾಡಿದರೆ ಬ್ಯಾಟರಿಗೆ ಅದೇ ಅಭ್ಯಾಸ ಆಗಿಬಿಡುತ್ತದೆ.

ರಘು (ಬ್ಯಾಟರಿ ಟೆಸ್ಟಿಂಗ್ ಲ್ಯಾಬ್): ಸವಿತಾ ಅವರೇ, ಬ್ಯಾಟರಿಯೊಳಗೆ ಕರೆಂಟು ಕೂತಿರುವುದಿಲ್ಲ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಲೋಹದ ಆಕ್ಸೈಡ್ ಬಿಟ್ಟು ಹೊರಡುತ್ತವೆ, ಎದುರಿನ ಗ್ರಾಫೈಟ್ ಪದರಗಳ ನಡುವೆ ಸೇರಿಕೊಳ್ಳುತ್ತವೆ. ಅವು ಒಲ್ಲದ ಜಾಗ ಅದು, ಚಾರ್ಜರ್ ಶಕ್ತಿ ಖರ್ಚು ಮಾಡಿ ಅಲ್ಲಿಗೆ ತಳ್ಳುತ್ತದೆ. ಫೋನ್ ಬಳಸುವಾಗ ಅವು ವಾಪಸ್ ಬರುತ್ತವೆ. ಒಂದೊಂದು ಅಯಾನಿಗೆ ಒಂದೊಂದು ಎಲೆಕ್ಟ್ರಾನು ಹೊರಗಿನ ದಾರಿ ಹಿಡಿದು ಫೋನನ್ನು ನಡೆಸುತ್ತದೆ. ನಿಮ್ಮ 5000 ಎಂಎಎಚ್‌ಗೆ ಹೀಗೆ ಓಡಾಡುವ ಲಿಥಿಯಂ ಸುಮಾರು 1.3 ಗ್ರಾಂ, ಅಷ್ಟೇ. ಕಳೆದುಹೋದ 20% ಅಂದರೆ ಹೆಚ್ಚುಕಡಿಮೆ ಕಾಲು ಗ್ರಾಂ.

ಅದು ಹೊರಗೆ ಹೋಗಿಲ್ಲ, ಬಹುಪಾಲು ಒಳಗೇ ಸಿಕ್ಕಿಬಿದ್ದಿದೆ. ಲಿಥಿಯಂ ತುಂಬಿದ ಗ್ರಾಫೈಟು ತಾಗಿದರೆ ಬ್ಯಾಟರಿಯೊಳಗಿನ ದ್ರವ ತಾಳುವುದಿಲ್ಲ, ಒಡೆಯುತ್ತದೆ. ಒಡೆದದ್ದು ಲಿಥಿಯಂ ಜೊತೆ ಸೇರಿ ಗ್ರಾಫೈಟಿನ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ. ಕಾರ್ಖಾನೆಯ ಮೊದಲ ಚಾರ್ಜಿನಲ್ಲೇ ಇದು ಆಗುತ್ತದೆ, ಆಗಲೇಬೇಕು ಕೂಡ. ಆ ಪೊರೆ ಇಲ್ಲದಿದ್ದರೆ ದ್ರವ ಒಡೆಯುತ್ತಲೇ ಇರುತ್ತಿತ್ತು. ಆದರೆ ತಡೆ ಪೂರ್ತಿಯಲ್ಲ. ಬೀರುವಿನಲ್ಲಿ ಸುಮ್ನೆ ಬಿದ್ದಿದ್ದರೂ ಪೊರೆ ನಿಧಾನವಾಗಿ ದಪ್ಪವಾಗುತ್ತದೆ. ಅದರ ಮೇಲೆ, ಪೂರ್ತಿ ಚಾರ್ಜಿನಲ್ಲಿ ಗ್ರಾಫೈಟು ಸುಮಾರು 10% ಉಬ್ಬುತ್ತದೆ. ಪೊರೆ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ಹೊಸ ಪೊರೆ ಕಟ್ಟುತ್ತದೆ. ಪ್ರತಿ ಸಲವೂ ಆ 1.3 ಗ್ರಾಮಿನಿಂದಲೇ ಕಡಿತ. ಪೊರೆಗೆ ಸೇರಿದ ಲಿಥಿಯಂ ಮತ್ತೆ ಓಡಾಡುವುದಿಲ್ಲ.

ಮಂಜುನಾಥ್, ನೀವು ಹೇಳಿದ್ದು ನಿಕಲ್-ಕ್ಯಾಡ್ಮಿಯಂ ಕಾಲದ ಮಾತು. ಇದರಲ್ಲಿ ದಿನಾ ಸೊನ್ನೆಗೆ ಇಳಿಸಿದರೆ ಸವೆತವೇ ಜಾಸ್ತಿ.

ಮಂಜುನಾಥ: ಆದ್ರೆ ಸರ್, ನನ್ನ ಫೋನು 20% ಇದ್ದಾಗಲೇ ಆಫ್ ಆಗುತ್ತಿತ್ತು. ಹೀಗೆ ಮಾಡಿದ ಮೇಲೆ ಸರಿಹೋಯಿತು.

ರಘು: ಸರಿಹೋದದ್ದು ಮೀಟರಿನ ಲೆಕ್ಕ. ಅದಕ್ಕೆ ಅಪರೂಪಕ್ಕೊಮ್ಮೆ ಹಾಗೆ ಮಾಡಬಹುದು. ಲಿಥಿಯಂ ವಾಪಸ್ ಬರಲಿಲ್ಲ.

ಫಾತಿಮಾ, ರಾಯಚೂರು: ನಮ್ಮದು ಇಲೆಕ್ಟ್ರಿಕ್ ಸ್ಕೂಟರ್. ಬೇಸಿಗೆಯಲ್ಲಿ ಪೂರ್ತಿ ಚಾರ್ಜ್ ಮಾಡಿ ತಗಡಿನ ಶೆಡ್ಡಿನಲ್ಲಿಟ್ಟು ಊರಿಗೆ ಹೋಗಿದ್ದೆವು. ಮೊದಲು 90 ಕಿ.ಮೀ. ಬರುತ್ತಿತ್ತು, ವರ್ಷದೊಳಗೆ 60ಕ್ಕೆ ಇಳಿದಿದೆ. ಇದೂ ಪೊರೆಯೇನಾ?

ರಘು: ಬಿಸಿಲು ಮತ್ತು ಪೂರ್ತಿ ಚಾರ್ಜು ಎರಡೂ ಸೇರಿದರೆ ಪೊರೆ ಬೇಗ ಬೆಳೆಯುತ್ತದೆ. ಮುಂದಿನ ಸಲ ಅರ್ಧ ಚಾರ್ಜಿನಲ್ಲಿ, ನೆರಳಲ್ಲಿ ಇಟ್ಟು ಹೋಗಿ. ಆದರೆ ವರ್ಷಕ್ಕೆ ಮೂರನೇ ಒಂದು ಪಾಲು ಅಂದರೆ ಪೊರೆಯೊಂದೇ ಇರಲಿಕ್ಕಿಲ್ಲ. ಪ್ಯಾಕಿನಲ್ಲಿ ಸೆಲ್ಲುಗಳು ಸಾಲಾಗಿ ಇರುತ್ತವೆ. ಒಂದು ಸೆಲ್ ಬೇಗ ಖಾಲಿಯಾದರೂ ಇಡೀ ಪ್ಯಾಕ್ ನಿಲ್ಲಬೇಕು.

ಫಾತಿಮಾ: ಸರ್ವಿಸ್‌ನವರು ವೋಲ್ಟೇಜ್ ಎಲ್ಲಾ ಸರಿಯಾಗಿದೆ ಅಂದರು.

ರಘು: ಪೂರ್ತಿ ಚಾರ್ಜ್ ಇದ್ದಾಗ ನೋಡಿದ್ದರೆ ಎಲ್ಲವೂ ಒಂದೇ ಥರ ಕಂಡಿರಬಹುದು. 15%ಕ್ಕೆ ಇಳಿಸಿಕೊಂಡು ಹೋಗಿ, ಒಂದೊಂದು ಸೆಲ್ಲಿನ ರೀಡಿಂಗ್ ಕೇಳಿ ಇಲ್ಲಿ ಹಾಕಿ. ಅದು ನೋಡದೆ ಇಂಥದ್ದೇ ಕಾರಣ ಅಂತ ಹೇಳಲಾರೆ.